‘ಯಾರು ಬೆಸ್ಟ್?’ ಎಂದಷ್ಟೇ ಕೇಳುವವರಿಗೆ ಒಂದು ರೆಸ್ಯೂಮ್ ಜರಡಿ ಸೇವೆ: ಎರಡು ವರ್ಷ ಬಳಸಿದ ಮೇಲೆ

ರೇಟಿಂಗ್: ಅಕೌಂಟ್ಸ್, ಸ್ಟೋರ್ಸ್, ಖರೀದಿ ವಿಭಾಗದ ಹುದ್ದೆಗಳಿಗೆ 5ಕ್ಕೆ 4. ಮೆಷಿನ್ ಆಪರೇಟರ್ ಹುದ್ದೆಗೆ 2, ಅದೂ ಧಾರಾಳವಾಗಿ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಆಡಳಿತದ ಕೆಲಸ ನನ್ನದು. ನೇಮಕಾತಿಯೂ ಅದರೊಳಗೆ ಬಂದು ಸೇರಿಕೊಂಡಿದೆ. ಹುದ್ದೆ ಖಾಲಿಯಾದರೆ ಎರಡು ಸಾಲಿನ ಜಾಹೀರಾತು ಹಾಕುತ್ತೇನೆ, ಬಂದ ರೆಸ್ಯೂಮ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ತುಂಬುತ್ತೇನೆ, ಅಷ್ಟರಲ್ಲಿ ಮಾಲೀಕರು ಮೇಜಿನ ಬಳಿ ಬಂದು “ಏನಮ್ಮ, ಇದರಲ್ಲಿ ಯಾರು ಬೆಸ್ಟ್?” ಎನ್ನುತ್ತಾರೆ. ಆ ಪ್ರಶ್ನೆಯನ್ನು ಹಾಗೆಯೇ, ಒಂದಕ್ಷರ ಸೇರಿಸದೆ, ಈ ಸೇವೆಗೆ ದಾಟಿಸುತ್ತೇನೆ. ಇಬ್ಬರು ಸೇರಿ ನಡೆಸುವ ಪುಟ್ಟ ಸೇವೆ ಇದು. ಇಬ್ಬರೂ ಹಿಂದೆ ಕಾರ್ಖಾನೆಗಳ ಕಚೇರಿಯಲ್ಲಿ ದುಡಿದವರು. ದೂರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ಇದಕ್ಕೆ ಮೊದಲು ಬೇರೆ ಎರಡು ಕಡೆ ಕೊಟ್ಟು ನೋಡಿದ್ದೆ. ಒಬ್ಬರು ನನ್ನ ಪ್ರಶ್ನೆಗೆ ಉತ್ತರವಾಗಿ ಉದ್ದನೆಯ ಪ್ರಶ್ನಾವಳಿಯನ್ನೇ ಕಳುಹಿಸಿದರು: ಹುದ್ದೆಯ ಉದ್ದೇಶವೇನು, ಅಪೇಕ್ಷಿತ ನಡವಳಿಕೆಯೇನು, ಸಂಸ್ಥೆಯ ಮೌಲ್ಯಗಳೇನು. ಅದನ್ನು ತುಂಬಿಸುವಷ್ಟು ಪುರುಸೊತ್ತಿದ್ದರೆ ರೆಸ್ಯೂಮ್‌ಗಳನ್ನು ನಾನೇ ಓದುತ್ತಿದ್ದೆ. ಇನ್ನೊಬ್ಬರು ಎಲ್ಲರಿಗೂ ಅಂಕ ಹಾಕಿ ಕಳುಹಿಸಿದರು: 87, 86, 84, 84. ಎಂಬತ್ತೇಳಕ್ಕೂ ಎಂಬತ್ತಾರಕ್ಕೂ ನಡುವೆ ಏನು ವ್ಯತ್ಯಾಸ ಎಂದು ಕೇಳಿದರೆ ಫೋನಿನ ಆ ತುದಿಯಲ್ಲಿ ಮೌನ.

ಈಗಿನವರು ಮಾಡುವುದೇ ಬೇರೆ. ಪ್ರಶ್ನೆಯಲ್ಲಿ ಏನು ಬಿಟ್ಟುಹೋಗಿದೆಯೋ ಅದನ್ನು ತಾವೇ ತುಂಬಿಕೊಳ್ಳುತ್ತಾರೆ, ತುಂಬಿಕೊಂಡಿದ್ದೇವೆಂದು ಮೊದಲ ಸಾಲಿನಲ್ಲೇ ಹೇಳುತ್ತಾರೆ, ಎರಡನೆಯ ಸಾಲಿನಲ್ಲಿ ಒಂದು ಹೆಸರು ಕೊಡುತ್ತಾರೆ. ನನಗೆ ಬೇಕಾಗಿದ್ದು ಆ ಹೆಸರು. ಮೊದಲ ಸಾಲು ತಪ್ಪಾಗಿದ್ದರೆ ಒಂದು ಮಾತಿನಲ್ಲಿ ತಿದ್ದಬಹುದು. ಹೊಸದಾಗಿ ಪಟ್ಟಿ ಬರುತ್ತದೆ.

ಕಳೆದ ವರ್ಷದ ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯನ್ನೇ ತೆಗೆದುಕೊಳ್ಳಿ. ಜಾಹೀರಾತಿನಲ್ಲಿ ಇದ್ದದ್ದು “ಬಿ.ಕಾಂ., ಟ್ಯಾಲಿ, ಜಿಎಸ್‌ಟಿ, 3 ವರ್ಷ ಅನುಭವ” ಎಂದಷ್ಟೇ. ಫೋಲ್ಡರಿನಲ್ಲಿ 41 ಕಡತಗಳಿದ್ದವು. ಅವರು ಮೊದಲು ಎಣಿಕೆಯನ್ನು ಸರಿಮಾಡಿದರು: ಮೂವರು ಎರಡೆರಡು ಬಾರಿ ಕಳುಹಿಸಿದ್ದರು, ಒಂದು ಕಡತ ರೆಸ್ಯೂಮ್ ಅಲ್ಲ, ಬರೀ ಅಂಕಪಟ್ಟಿ. ಹಾಗಾಗಿ ಅರ್ಜಿದಾರರು 37 ಜನ. ಮೊಬೈಲ್‌ನಲ್ಲಿ ಓರೆಯಾಗಿ ಫೋಟೋ ಹೊಡೆದು ಕಳುಹಿಸಿದ್ದ ಒಂದು ರೆಸ್ಯೂಮ್‌ನಲ್ಲಿ ಅಕ್ಷರಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಪಕ್ಕಕ್ಕೆ ತಳ್ಳದೆ ಕುಳಿತು ಟೈಪ್ ಮಾಡಿಕೊಂಡಿದ್ದರು. ಎರಡು ಬಾರಿ ಕಳುಹಿಸಿದವರಲ್ಲಿ ಒಬ್ಬರ ಹಳೆಯ ಪ್ರತಿಯಲ್ಲಿ ಕೊನೆಯ ಕೆಲಸ ಮಾರ್ಚ್‌ಗೆ ಮುಗಿದಿತ್ತು, `resume_final_new2.pdf` ಎಂಬ ಹೊಸ ಪ್ರತಿಯಲ್ಲಿ ಅದೇ ಕೆಲಸ “ಇಂದಿನವರೆಗೆ” ನಡೆಯುತ್ತಿತ್ತು. ಸುಳ್ಳು ಎಂದು ಷರಾ ಬರೆಯಲಿಲ್ಲ. “ಸಂದರ್ಶನಕ್ಕೆ ಕರೆದರೆ ದಿನಾಂಕ ಕೇಳಿ” ಎಂದಷ್ಟೇ ಸೇರಿಸಿದ್ದರು.

ಉತ್ತರದ ಮೊದಲ ಸಾಲು ಹೀಗಿತ್ತು: “ಕೆಲಸದ ವಿವರ ಇಲ್ಲ. ನೀವು ಬಿಡಿಭಾಗಗಳನ್ನು ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಕಳುಹಿಸುವವರಾದ್ದರಿಂದ, ಜಾಬ್ ವರ್ಕ್ ಚಲನ್‌ಗಳ ಲೆಕ್ಕ ಮತ್ತು ಪ್ರತಿ ತಿಂಗಳ ಖರೀದಿ ಬಿಲ್‌ಗಳ ತಾಳೆ, ಇವೆರಡನ್ನು ಮುಖ್ಯವೆಂದು ಇಟ್ಟುಕೊಂಡಿದ್ದೇವೆ.”

ಕಾರ್ಖಾನೆಯ ಲೆಕ್ಕ ಬರೆದವರಿಗೆ ಇದರ ತೂಕ ಗೊತ್ತು. ಪ್ಲೇಟಿಂಗ್‌ಗೆ ಕಳುಹಿಸಿದ ಮಾಲು ತೆರಿಗೆ ಕಟ್ಟದೆ ಬರೀ ಚಲನ್ ಮೇಲೆ ಹೋಗುತ್ತದೆ. ಒಂದು ವರ್ಷದೊಳಗೆ ಅದು ವಾಪಸು ಬರದಿದ್ದರೆ, ಕಳುಹಿಸಿದ ದಿನವೇ ಮಾರಾಟವಾಯಿತೆಂದು ಜಿಎಸ್‌ಟಿ ಕಾಯ್ದೆ ಲೆಕ್ಕ ಹಾಕುತ್ತದೆ. ತೆರಿಗೆಯ ಜೊತೆಗೆ ಬಡ್ಡಿಯನ್ನೂ ಕಟ್ಟಬೇಕು. ಯಾವ ಚಲನ್‌ನ ಎಷ್ಟು ಪೀಸ್ ಯಾರ ಹತ್ತಿರ ಉಳಿದಿದೆ ಎಂದು ನೋಡುವವರಿರಬೇಕು, ಐಟಿಸಿ-04 ನಮೂನೆಯಲ್ಲಿ ಅದನ್ನು ತೋರಿಸಬೇಕು. ಖರೀದಿ ಬಿಲ್‌ಗಳದು ಇನ್ನೊಂದು ಕಥೆ. ಪ್ರತಿ ತಿಂಗಳು 14ರಂದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ, ಸಿದ್ಧವಾಗುತ್ತದೆ. ಮಾಲು ಕೊಟ್ಟವನು ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಅದು ಅಲ್ಲಿ ಕಾಣುವುದಿಲ್ಲ, ಆ ತಿಂಗಳು ನಮಗೆ ಅದರ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. 20ರೊಳಗೆ ನಮ್ಮ ತಿಂಗಳ ರಿಟರ್ನ್ 3ಬಿ ಸಲ್ಲಿಸಬೇಕು. ನಡುವಿನ ಆ ಕೆಲವು ದಿನ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ “ಬಿಲ್ ಯಾಕೆ ಹಾಕಿಲ್ಲ” ಎಂದು ಬೆನ್ನುಹತ್ತುವುದೇ ಈ ಹುದ್ದೆಯ ಅಸಲಿ ಕೆಲಸ. ಜಾಹೀರಾತಿನ “ಜಿಎಸ್‌ಟಿ” ಎಂಬ ಒಂದು ಶಬ್ದದೊಳಗೆ ಇದೆಲ್ಲ ಅಡಗಿತ್ತು.

ಮೇಲ್ನೋಟಕ್ಕೆ ಎದ್ದು ಕಾಣುತ್ತಿದ್ದ ರೆಸ್ಯೂಮ್ ಎಂ.ಕಾಂ. ಓದಿ ಆಡಿಟರ್ ಕಚೇರಿಯಲ್ಲಿ ಏಳು ವರ್ಷ ದುಡಿದವರೊಬ್ಬರದು. ಮೂರು ಪುಟ, ಅಚ್ಚುಕಟ್ಟಾದ ವಿನ್ಯಾಸ, ಹತ್ತಾರು ಗ್ರಾಹಕರ ರಿಟರ್ನ್ ಸಲ್ಲಿಸಿದ ಅನುಭವ. ಅವರನ್ನು ಎರಡನೆಯ ಸ್ಥಾನಕ್ಕೆ ಇಟ್ಟಿದ್ದರು. ಮೊದಲ ಹೆಸರು ತುಮಕೂರು ಕಡೆಯ ಬಿ.ಕಾಂ. ಹುಡುಗಿಯದು: ಶೀಟ್ ಮೆಟಲ್ ಘಟಕವೊಂದರಲ್ಲಿ ನಾಲ್ಕು ವರ್ಷ, ಒಂದೇ ಪುಟ, ಎಡಬಲ ಅಂಚೂ ಸರಿಯಿಲ್ಲ. ಆದರೆ ಆ ಪುಟದ ಕೆಳಭಾಗದಲ್ಲಿ ಎರಡು ಸಾಲುಗಳಿದ್ದವು: ಜಾಬ್ ವರ್ಕ್ ಚಲನ್ ರಿಜಿಸ್ಟರ್ ಮತ್ತು ಐಟಿಸಿ-04 ನೋಡಿಕೊಂಡಿದ್ದೇನೆ, 2ಬಿಯಲ್ಲಿ ಬಾರದ ಬಿಲ್‌ಗಳಿಗಾಗಿ ಸರಬರಾಜುದಾರರನ್ನು ಸಂಪರ್ಕಿಸುತ್ತೇನೆ. ಸೇವೆಯವರು ಆ ಎರಡು ಸಾಲುಗಳನ್ನು ಎತ್ತಿ ತಮ್ಮ ಉತ್ತರದಲ್ಲೇ ಇಟ್ಟಿದ್ದರು. ಯಾರು ಬೇಕಾದರೂ ಫೋಲ್ಡರ್ ತೆರೆದು ತಾಳೆ ನೋಡಬಹುದಿತ್ತು, ನಾನು ನೋಡಿದೆ.

ಕೊನೆಗೆ ಒಂದು ಮಾತು ಸೇರಿಸಿದ್ದರು: ಈಗ ಹೊರಗಿನ ಆಡಿಟರ್ ಮಾಡುತ್ತಿರುವ ಕೆಲಸವನ್ನೂ ಒಳಗೇ ತರುವ ಯೋಚನೆಯಿದ್ದರೆ ಎರಡನೆಯವರು ಮೊದಲಾಗುತ್ತಾರೆ. ಮಾಲೀಕರಿಗೆ ಇದನ್ನು ಓದಿ ಹೇಳಿದಾಗ ಅವರು ಅರ್ಧ ನಿಮಿಷ ಯೋಚಿಸಿ “ಆಡಿಟರ್ ಇರಲಿ ಬಿಡಿ” ಎಂದರು. ಹುದ್ದೆ ಏನೆಂದು ಅವರೂ ನಿರ್ಧರಿಸಿದ್ದು ಆಗಲೇ ಎಂದು ನನ್ನ ಗುಮಾನಿ.

ಸಂದರ್ಶನದಲ್ಲಿ ಕೇಳಲು ಒಂದು ಪ್ರಶ್ನೆಯನ್ನೂ ಬರೆದುಕೊಟ್ಟಿದ್ದರು: ಪ್ಲೇಟಿಂಗ್‌ಗೆ ಹೋದ 500 ಪೀಸ್‌ಗಳಲ್ಲಿ 480 ಮಾತ್ರ ಬಂದಿವೆ, ವರ್ಷ ತುಂಬಲು ತಿಂಗಳಿದೆ, ಏನು ಮಾಡುತ್ತೀರಿ? ಆಡಿಟರ್ ಕಚೇರಿಯವರು ಕಾಯ್ದೆಯ ಕಲಂ ಹೇಳಿದರು, ಸರಿಯಾಗಿಯೇ ಹೇಳಿದರು. ತುಮಕೂರಿನವರು “ಮೊದಲು ಅವರ ರಿಜೆಕ್ಷನ್ ಪೀಸ್ ಅಲ್ಲೇ ಬಿದ್ದಿದೆಯಾ ಕೇಳುತ್ತೇನೆ ಮೇಡಂ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ” ಎಂದರು. ಅವರೇ ಈಗ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಾರೆ.

ನನಗೆ ತುಂಬ ಹಿಡಿಸಿದ ಇನ್ನೊಂದು ಪದ್ಧತಿ ಅವರ ಹೋಲಿಕೆಯ ಹಾಳೆಯಲ್ಲಿದೆ. ಪ್ರತಿ ಅಂಶದ ಎದುರು “ಇದೆ”, “ಇಲ್ಲ”, “ಬರೆದಿಲ್ಲ” ಎಂದು ಮೂರು ಬಗೆಯ ನಮೂದು. ರೆಸ್ಯೂಮ್‌ನಲ್ಲಿ ಇ-ವೇ ಬಿಲ್ ಎಂಬ ಶಬ್ದ ಇಲ್ಲದಿದ್ದ ಮಾತ್ರಕ್ಕೆ ಆ ಕೆಲಸ ಬರುವುದಿಲ್ಲ ಎಂದರ್ಥವಲ್ಲ. ಕಾರ್ಖಾನೆಯಲ್ಲಿ ದಿನವೂ ಮಾಡುವುದನ್ನು ಬರೆಯಬೇಕೆಂದು ಎಷ್ಟೋ ಜನರಿಗೆ ತೋಚುವುದೇ ಇಲ್ಲ. ಅಂಕ ಹಾಕುವವರು ಇಲ್ಲದಿರುವುದನ್ನೂ ಬರೆಯದಿರುವುದನ್ನೂ ಒಂದೇ ಸೊನ್ನೆಗೆ ಇಳಿಸುತ್ತಾರೆ. ಇವರು ಬೇರೆಲ್ಲ ಸರಿಯಿದ್ದು ಒಂದೆರಡು ಕಡೆ “ಬರೆದಿಲ್ಲ” ಎಂದಿರುವವರನ್ನು ಪ್ರತ್ಯೇಕ ಪಟ್ಟಿ ಮಾಡಿ, ಯಾವ ಒಂದು ಪ್ರಶ್ನೆಯನ್ನು ಫೋನಿನಲ್ಲಿ ಕೇಳಬೇಕೆಂದು ಸೂಚಿಸುತ್ತಾರೆ. ಆ ಹಾಳೆಯಲ್ಲಿ ಫೋಟೋ, ತಂದೆಯ ಹೆಸರು, ಜಾತಿ, ಮದುವೆಯ ವಿವರ ಇರುವುದಿಲ್ಲ. ನಮ್ಮ ಕಡೆಯ ಬಯೋಡೇಟಾಗಳಲ್ಲಿ ಅವೆಲ್ಲ ಇನ್ನೂ ಧಾರಾಳವಾಗಿ ಬರುತ್ತವೆ. ಹೆರಿಗೆಯ ನಂತರ ಎರಡು ವರ್ಷ ಬಿಡುವು ತೆಗೆದುಕೊಂಡವರೊಬ್ಬರು ಆ ಅಕೌಂಟ್ಸ್ ಹುದ್ದೆಯ ಪಟ್ಟಿಯಲ್ಲಿ ನಾಲ್ಕನೆಯವರಾಗಿದ್ದರು. ಬಿಡುವಿಗಾಗಿ ಅವರನ್ನು ಕೆಳಗಿಳಿಸಿರಲಿಲ್ಲ.

ಇನ್ನು ದೂರು. ವಿಎಂಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರದ ಆಪರೇಟರ್ ಹುದ್ದೆಗೆ ಇದೇ ರೀತಿ ಫೋಲ್ಡರ್ ಕಳುಹಿಸಿದ್ದೆ. ಐಟಿಐ, ಡಿಪ್ಲೊಮಾ ಹುಡುಗರ ರೆಸ್ಯೂಮ್‌ಗಳಲ್ಲಿ ಬಹುಪಾಲು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಆದಂಥವು. ಗುರಿ, ಹವ್ಯಾಸ, ಪ್ರತಿಜ್ಞೆ, ಎಲ್ಲವೂ ಪದಕ್ಕೆ ಪದ ಒಂದೇ. ಹೆಸರು, ಊರು ಮಾತ್ರ ಬೇರೆ. ಎಲ್ಲರಿಗೂ ಫಾನುಕ್ ಕಂಟ್ರೋಲ್ ಗೊತ್ತು, ಎಲ್ಲರಿಗೂ ಡ್ರಾಯಿಂಗ್ ಓದಲು ಬರುತ್ತದೆ. ಇಂಥ ಫೋಲ್ಡರಿನಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವ ಮಾಹಿತಿಯೇ ಇಲ್ಲ. ಅದನ್ನು ಹೇಳಿ ದುಡ್ಡು ವಾಪಸು ಕೊಟ್ಟಿದ್ದರೆ ಮೆಚ್ಚುತ್ತಿದ್ದೆ. ಅವರು ಒಂದರಿಂದ ಹತ್ತರವರೆಗೆ ಪಟ್ಟಿ ಕಳುಹಿಸಿದರು. ಮೊದಲನೆಯವನ ಕೈಗೆ ಮೈಕ್ರೋಮೀಟರ್ ಕೊಟ್ಟಾಗ ಸೊನ್ನೆ ಸರಿಯಿದೆಯೇ ಎಂದು ನೋಡದೆ ಅಳತೆ ಓದಿದ. ಏಳನೆಯವನು ಅದನ್ನು ಒರೆಸಿ, ಮುಚ್ಚಿ, ಸೊನ್ನೆ ನೋಡಿ, ಆಮೇಲೆ ಪೀಸ್ ಹಿಡಿದ. ಈಗ ಆಪರೇಟರ್ ಹುದ್ದೆಗೆ ರೆಸ್ಯೂಮ್ ಜರಡಿಗೆ ಹಾಕುವುದನ್ನೇ ಬಿಟ್ಟಿದ್ದೇವೆ. ಹತ್ತಿರವಿರುವವರನ್ನು ಶನಿವಾರ ಕರೆಸಿ, ಒಂದು ಡ್ರಾಯಿಂಗ್, ಒಂದು ಪೀಸ್, ಒಂದು ಮೈಕ್ರೋಮೀಟರ್ ಕೊಡುತ್ತೇವೆ.

ಎರಡನೆಯ ದೂರು ಅಪ್‌ಲೋಡ್ ಕೊಂಡಿಯದು. ಮೊದಲು ಆ ಕೊಂಡಿ ಸಿಕ್ಕ ಯಾರು ಬೇಕಾದರೂ ಫೋಲ್ಡರ್ ತೆರೆಯಬಹುದಿತ್ತು. ಒಳಗೆ ಅಷ್ಟೂ ಜನರ ಮೊಬೈಲ್ ನಂಬರ್, ಮನೆ ವಿಳಾಸ, ಕೆಲವರ ಆಧಾರ್ ಪ್ರತಿ ಸಹ. ಬರೆದು ಕೇಳಿದ ಮೇಲೆ ಪಾಸ್‌ವರ್ಡ್ ಹಾಕಿದರು, ಹುದ್ದೆ ಭರ್ತಿಯಾದ ತಿಂಗಳೊಳಗೆ ಅಳಿಸುವುದಾಗಿ ಒಪ್ಪಿದರು. ಕೇಳುವ ಮೊದಲೇ ಮಾಡಬೇಕಿತ್ತು. ನೀವು ಸೇರುವುದಾದರೆ ಮೊದಲ ಫೋಲ್ಡರ್ ಕಳುಹಿಸುವ ಮುಂಚೆ ಕೊಂಡಿಯನ್ನು ಬೇರೆ ಫೋನಿನಲ್ಲಿ ತೆರೆದು ನೋಡಿ.

ಶುಲ್ಕ ಫೋಲ್ಡರಿಗೆ ಇಷ್ಟೆಂದು ಇರುವುದರಿಂದ, ಹತ್ತಕ್ಕಿಂತ ಕಡಿಮೆ ರೆಸ್ಯೂಮ್ ಬಂದಿದ್ದರೆ ಕೊಡುವುದು ದಂಡ. ಕಾಫಿ ಕುಡಿಯುತ್ತಾ ನೀವೇ ಓದಿ ಮುಗಿಸಬಹುದು. ಹಣಕಾಸು ವರ್ಷದ ಕೊನೆಯಲ್ಲಿ, ಮಾರ್ಚ್ ಹೊತ್ತಿಗೆ, ಉಳಿದಂತೆ ಎರಡು ದಿನದಲ್ಲಿ ಬರುವ ಅವರ ಉತ್ತರಕ್ಕೆ ಐದು ದಿನ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.