'ಮೇನ್ ಸ್ವಿಚ್ ಆಫ್ ಮಾಡಿದ್ವಿ ಸರ್' ಅಂದಿದ್ದಕ್ಕೆ ನಮ್ಮ ಫೈರ್ ಕ್ಲೇಮ್ ಹದಿನಾಲ್ಕು ತಿಂಗಳು ನಿಂತಿತು

ಅಂಗಡಿಗೋ ಗೋಡೌನಿಗೋ ಫೈರ್ ಪಾಲಿಸಿ ಮಾಡಿಸಿರುವವರು ಇದನ್ನೊಮ್ಮೆ ಓದಿ. ನಾವು ಸುಳ್ಳು ಹೇಳಿರಲಿಲ್ಲ, ಯಾವ ಕಳ್ಳಾಟವನ್ನೂ ಆಡಿರಲಿಲ್ಲ. ಆದರೂ ಕಂಪನಿ ನಮ್ಮನ್ನು ಹೆಚ್ಚುಕಡಿಮೆ ಬೆಂಕಿ ಹಚ್ಚಿದವರ ಹಾಗೆ ನೋಡಿತು. ಅದಕ್ಕೆ ದಾರಿ ಮಾಡಿಕೊಟ್ಟವರು ನಾವೇ.

ರಾಣೆಬೆನ್ನೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ನಾನು, ಅಣ್ಣ ಇಬ್ಬರೇ ನಡೆಸೋದು. ಬ್ಯಾಂಕಿನಲ್ಲಿ ಸಿಸಿ ಸಾಲ ಇದ್ದಿದ್ದರಿಂದ ಅವರೇ ಪಾಲಿಸಿ ಮಾಡಿಸಿದ್ದರು, ಈಗ ಸಣ್ಣ ಅಂಗಡಿಗಳಿಗೆಲ್ಲ ಕೊಡುವ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ'. ಯುಗಾದಿಗೆ ಅಂತ ಮಾಲು ತುಂಬಿಸಿದ್ದೆವು. ರಾತ್ರಿ ಎರಡು ಗಂಟೆ ಸುಮಾರಿಗೆ ಎದುರಿನ ಚಹಾ ಅಂಗಡಿಯವರು ಫೋನ್ ಮಾಡಿದರು. ನಾವು ಓಡಿ ಬರುವಷ್ಟರಲ್ಲಿ ಫೈರ್ ಇಂಜಿನ್ ಬಂದು ನೀರು ಹೊಡೆಯುತ್ತಿತ್ತು. ನಾಲ್ಕಕ್ಕೆಲ್ಲ ಬೆಂಕಿ ಆರಿತು. ಒಳಗೆ ಉಳಿದದ್ದು ಕರಕಲು, ನೀರು, ವಾಸನೆ.

ಆಗ ಅಗ್ನಿಶಾಮಕದ ಅಧಿಕಾರಿ ಪುಸ್ತಕ ಹಿಡಿದು ಬಂದರು. ಒಳ್ಳೆಯ ಮನುಷ್ಯ, ಸಮಾಧಾನ ಮಾಡಿಯೇ ಕೇಳಿದರು. ಬೀಗ ಹಾಕಿದ್ದು ಎಷ್ಟು ಗಂಟೆಗೆ, ಕೊನೆಗೆ ಹೊರಟವರು ಯಾರು, ಕರೆಂಟ್ ಹೇಗಿತ್ತು? ಅಣ್ಣನಿಗೆ ಎಲ್ಲಿ ನಿರ್ಲಕ್ಷ್ಯ ಅಂತ ಬರೆದುಬಿಡ್ತಾರೋ ಅನ್ನೋ ಹೆದರಿಕೆ. ತಕ್ಷಣ ಹೇಳಿದ: "ದಿನಾ ಮೇನ್ ಸ್ವಿಚ್ ಆಫ್ ಮಾಡಿಯೇ ಬಾಗಿಲು ಹಾಕೋದು ಸರ್, ನಿನ್ನೆನೂ ಆಫ್ ಮಾಡಿದ್ವಿ." ಅದು ನಿಜವೇ. ಆಮೇಲೆ ಅವರು "ಅಂದಾಜು ಎಷ್ಟು ಹೋಗಿರಬಹುದು?" ಅಂದರು. ಆ ಹೊತ್ತಿನಲ್ಲಿ ಯಾರಿಗೆ ಲೆಕ್ಕ ಹೊಳೆಯುತ್ತೆ? ಅಣ್ಣ "ಒಂದು ಏಳೆಂಟು ಲಕ್ಷ ಆಗಿರಬಹುದು" ಅಂದುಬಿಟ್ಟ. ಮುಂದಿನ ರ‍್ಯಾಕುಗಳಷ್ಟೇ ಅವನ ಕಣ್ಣ ಮುಂದಿದ್ದದ್ದು. ಮೇಲಿನ ಅಟ್ಟದಲ್ಲಿದ್ದ ಸೀರೆ ಬಂಡಲುಗಳು ನೆನಪಿಗೇ ಬಂದಿಲ್ಲ.

ಅರ್ಜಿ ಕೊಟ್ಟು ಹನ್ನೆರಡು ದಿನಕ್ಕೆ ಫೈರ್ ರಿಪೋರ್ಟ್ ಕೈಗೆ ಬಂತು. ಕರೆ ಬಂದ ಸಮಯ, ವಾಹನ ಹೊರಟ ಸಮಯ, ತಲುಪಿದ ಸಮಯ ಎಲ್ಲ ಚೊಕ್ಕವಾಗಿತ್ತು. ಕಾರಣದ ಜಾಗದಲ್ಲಿ 'ವಿದ್ಯುತ್ ಶಾರ್ಟ್ ಸರ್ಕ್ಯೂಟ್‌ನಿಂದ ಎಂದು ಶಂಕಿಸಲಾಗಿದೆ' ಅಂತಿತ್ತು. ನಮಗೆ ಖುಷಿ. ಶಾರ್ಟ್ ಸರ್ಕ್ಯೂಟ್ ಅಂದಮೇಲೆ ಆಕಸ್ಮಿಕ, ಇನ್ನೇನು ದುಡ್ಡು ಬಂದ ಹಾಗೆಯೇ ಅಂದುಕೊಂಡೆವು. ಕೆಳಗೆ ಇನ್ನೆರಡು ಸಾಲು ಇದ್ದವು, 'ಮಾಲೀಕರ ಹೇಳಿಕೆಯಂತೆ ಮುಖ್ಯ ಸ್ವಿಚ್ ಆಫ್ ಆಗಿತ್ತು' ಮತ್ತು 'ಅಂದಾಜು ನಷ್ಟ 8 ಲಕ್ಷ'. ನಾವು ಅವನ್ನು ಓದಿದೆವು, ಆದರೆ ಅದರ ಅರ್ಥ ತಲೆಗೆ ಹೋಗಲಿಲ್ಲ. ನಷ್ಟ ಅಳೆಯೋಕೆ ವಿಮಾ ಕಂಪನಿ ಕಡೆಯಿಂದ ಬಂದ ಸರ್ವೇಯರ್ ತಲೆಗೆ ಹೋಯಿತು.

ಮೇನ್ ಆಫ್ ಆಗಿದ್ದರೆ ಒಳಗಿನ ವೈರ್‌ಗಳಲ್ಲಿ ಕರೆಂಟ್ ಇಲ್ಲ. ಕರೆಂಟ್ ಇಲ್ಲದ ವೈರ್ ಶಾರ್ಟ್ ಆಗೋದು ಹೇಗೆ? ಒಂದೇ ಕಾಗದದಲ್ಲಿ ಎರಡು ಸಾಲು ಒಂದಕ್ಕೊಂದು ಜಗಳವಾಡುತ್ತಿವೆ. ಮೇಲಾಗಿ ನಾವು ಕ್ಲೇಮ್ ಹಾಕಿದ್ದು ಬರೀ ಮಾಲಿಗೇ 19 ಲಕ್ಷ, ರಿಪೋರ್ಟ್ ಹೇಳೋದು 8. ಇಷ್ಟು ಸಾಕಿತ್ತು, ಕಂಪನಿ ಬೇರೊಬ್ಬ ತನಿಖೆದಾರರನ್ನು ಕಳಿಸಿತು. ಅವರು ಸಾಲ ಎಷ್ಟಿದೆ, ವ್ಯಾಪಾರ ಹೇಗಿತ್ತು, ಅಣ್ಣತಮ್ಮಂದಿರ ನಡುವೆ ಏನಾದರೂ ವ್ಯಾಜ್ಯ ಇದೆಯಾ ಅಂತ ಅಕ್ಕಪಕ್ಕದ ಅಂಗಡಿಗಳಲ್ಲಿ ಕೇಳಿಕೊಂಡು ಹೋದರು. ಊರಲ್ಲಿ ಮಾತು ಹಬ್ಬೋಕೆ ಇನ್ನೇನು ಬೇಕು.

ಒಂದು ವಿಷಯ ಇಲ್ಲಿ ಹೇಳಬೇಕು. ಬೆಂಕಿ ಆರಿಸುವುದು ಅಗ್ನಿಶಾಮಕದವರ ಕೆಲಸ. ಕತ್ತಲಲ್ಲಿ, ಹೊಗೆಯಲ್ಲಿ, ನೀರು ಸುರಿದ ಮೇಲೆ ಅವರು ವೈರ್ ಬಿಚ್ಚಿ ನೋಡುತ್ತಾ ಕೂರುವುದಿಲ್ಲ. ಬೇರೆ ಕಾರಣ ಕಣ್ಣಿಗೆ ಕಾಣದಿದ್ದರೆ ಶಾರ್ಟ್ ಸರ್ಕ್ಯೂಟ್ ಇರಬಹುದು ಅಂತ ಬರೆಯುತ್ತಾರೆ. ಬೆಂಕಿ ಬಿದ್ದದ್ದು ನಿಜ, ಇಷ್ಟು ಹೊತ್ತಿಗೆ ಬಿತ್ತು, ಇಂಥಿಂಥ ವಸ್ತು ಸುಟ್ಟಿತು ಅನ್ನೋದಕ್ಕೆ ಆ ರಿಪೋರ್ಟ್ ಗಟ್ಟಿ ಸಾಕ್ಷಿ. ಕಾರಣದ ಸಾಲು ಮಾತ್ರ ಅಂದಾಜು. ಆದರೆ ಅದೇ ಕಾಗದದಲ್ಲಿ 'ಮಾಲೀಕರ ಹೇಳಿಕೆಯಂತೆ' ಅಂತ ಬಂದದ್ದು ಅಂದಾಜಲ್ಲ, ಅದು ನಿಮ್ಮದೇ ಮಾತು. ಆಮೇಲೆ ಬದಲಾಯಿಸಿದರೆ ಮಾತು ತಿರುಗಿಸಿದ ಅಂತಾರೆ.

ಹಾಗಾದರೆ ನಿಜವಾಗಿ ಏನಾಗಿತ್ತು? ಎರಡು ವರ್ಷದ ಹಿಂದೆ ಕ್ಯಾಮೆರಾ ಹಾಕಿಸಿದಾಗ, ರಾತ್ರಿ ಮೇನ್ ಆಫ್ ಮಾಡಿದರೂ ಅದು ನಡೆಯಬೇಕು ಅಂತ ನಾವೇ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೆವು. ಅವನು ಮೀಟರ್ ಆದ ಮೇಲೆ, ಮೇನ್ ಸ್ವಿಚ್‌ಗಿಂತ ಮುಂಚೆ ಒಂದು ಜಾಯಿಂಟ್ ಹಾಕಿ, ಟೇಪ್ ಸುತ್ತಿ, ಅಲ್ಲಿಂದ ಕ್ಯಾಮೆರಾದ ಡಿವಿಆರ್‌ಗೂ ಇನ್ವರ್ಟರ್ ಚಾರ್ಜಿಂಗ್‌ಗೂ ಲೈನ್ ಎಳೆದಿದ್ದ. ಮೀಟರ್ ದಾಟಿದ ಮೇಲಿನ ಲೈನ್, ಹಾಗಾಗಿ ಕಳ್ಳ ಕರೆಂಟ್ ಅಲ್ಲ. ಆದರೆ ಮೇನ್ ಆಫ್ ಇದ್ದರೂ ಆ ವೈರ್‌ನಲ್ಲಿ ಇಡೀ ರಾತ್ರಿ ಕರೆಂಟ್ ಹರಿಯುತ್ತಿತ್ತು. ಅಣ್ಣನಿಗೆ ಆ ರಾತ್ರಿ ಇದು ನೆನಪಾಗಲೇ ಇಲ್ಲ. ನನಗೂ ಇಲ್ಲ. ಜಾಯಿಂಟ್ ಸಡಿಲವಾದರೆ ಆ ಜಾಗ ಮಾತ್ರ ಕೆಂಡದ ಹಾಗೆ ಕಾಯುತ್ತೆ. ಅಲ್ಲಿ ಕರೆಂಟ್ ಜಾಸ್ತಿ ಎಳೆಯೋದಿಲ್ಲವಾದ್ದರಿಂದ ಫ್ಯೂಸೂ ಹೋಗಲ್ಲ, ಎಂಸಿಬಿಯೂ ಬೀಳಲ್ಲ. ಪಕ್ಕದಲ್ಲೇ ಬಟ್ಟೆ ಇದ್ದರೆ ಮುಗಿಯಿತು.

ಇದನ್ನು ತೋರಿಸೋಣ ಅಂದರೆ ಸಾಮಾನೇ ಇಲ್ಲ! ನಮ್ಮ ದೊಡ್ಡ ತಪ್ಪು ಇದು. ಸರ್ವೇಯರ್ ಬರುವ ಮುಂಚೆಯೇ, ವಾಸನೆ ತಡೆಯಲಾರದೆ, ಮಾರನೇ ದಿನ ಆಳು ಹಚ್ಚಿ ಅರ್ಧ ಅಂಗಡಿ ಬಳಿಸಿದ್ದೆವು. ಸುಟ್ಟ ಬೋರ್ಡ್, ಸ್ವಿಚ್, ತಾಮ್ರದ ವೈರ್ ಎಲ್ಲ ಗುಜರಿಯವನಿಗೆ ಹೋಯಿತು. ಎಷ್ಟಕ್ಕೆ ಗೊತ್ತಾ, 640 ರೂಪಾಯಿಗೆ. ತನಿಖೆದಾರರು ಬರೆದುಕೊಂಡದ್ದು, 'ಬೆಂಕಿ ಹುಟ್ಟಿದ ಜಾಗದ ಸಾಕ್ಷ್ಯವನ್ನು ಮಾಲೀಕರೇ ತೆರವು ಮಾಡಿದ್ದಾರೆ.' ನಾಲ್ಕೂವರೆ ತಿಂಗಳಿಗೆ ಕ್ಲೇಮ್ ತಿರಸ್ಕಾರದ ಪತ್ರ ಬಂತು. ಮೇನ್ ಆಫ್ ಇದ್ದದ್ದರಿಂದ ಶಾರ್ಟ್ ಸರ್ಕ್ಯೂಟ್ ಸಾಧ್ಯವಿಲ್ಲ, ಬೆಂಕಿ ಆಕಸ್ಮಿಕ ಎಂದು ಸಾಬೀತಾಗಿಲ್ಲ, ನಷ್ಟವನ್ನು ಹೆಚ್ಚು ತೋರಿಸಲಾಗಿದೆ.

ನಮ್ಮನ್ನು ಉಳಿಸಿದ್ದು ಎರಡು ಸಣ್ಣ ವಸ್ತು. ಮೊದಲನೆಯದು, ಪಕ್ಕದ ಮೊಬೈಲ್ ಅಂಗಡಿ ಹುಡುಗ ಬೆಳಗ್ಗೆ ಆರಕ್ಕೆ ಸುಮ್ನೆ ತೆಗೆದಿದ್ದ ಫೋಟೊ. ಅದರಲ್ಲಿ ಮೇನ್ ಸ್ವಿಚ್‌ನ ಹಿಡಿ ಆಫ್ ಕಡೆಗೆ ಕೆಳಗಿದ್ದದ್ದೂ, ಅದರ ಮೇಲಿನಿಂದ ಬೇರೊಂದು ವೈರ್ ಅಡ್ಡ ಹೋಗಿದ್ದದ್ದೂ ಕಾಣುತ್ತಿತ್ತು. ಎರಡನೆಯದು, ಗೋಡೆಯ ಪೈಪಿನೊಳಗೆ ಸಿಕ್ಕಿಕೊಂಡು ಗುಜರಿಯವನಿಗೆ ಎಳೆಯಲಾಗದೆ ಉಳಿದಿದ್ದ ಒಂದು ಗೇಣು ವೈರ್. ಪರಿಚಯದ ಇಂಜಿನಿಯರ್ ಒಬ್ಬರು ಅದನ್ನು ಮುಟ್ಟಬೇಡಿ ಅಂದು, ವಿದ್ಯುತ್ ಪರಿವೀಕ್ಷಣಾಲಯಕ್ಕೆ, ಅಂದರೆ ಜಿಲ್ಲೆಯ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಕಚೇರಿಗೆ ಅರ್ಜಿ ಹಾಕಿಸಿದರು. 2003ರ ವಿದ್ಯುತ್ ಕಾಯ್ದೆಯಲ್ಲಿ ಅಪಘಾತದ ವಿಚಾರಣೆ ಅಂತ ಇರೋದು ಜನಕ್ಕೋ ದನಕ್ಕೋ ಜೀವ ಹೋದಾಗ, ಗಾಯ ಆದಾಗ. ಬರೀ ಮಾಲು ಸುಟ್ಟರೆ ಅವರಾಗಿಯೇ ಬರುತ್ತಾರೆ ಅಂತ ಕಾಯಬೇಡಿ, ನೀವೇ ಬರೆದು ಕೇಳಬೇಕು. ನಮಗೆ ಇದು ಗೊತ್ತಾಗಿದ್ದು ಐದು ತಿಂಗಳ ಮೇಲೆ.

ಆ ವೈರ್ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ತಾಮ್ರದ ಗುಂಡು ಇತ್ತು. ಗುಂಡಿನ ಹಿಂದೆಯೇ ವೈರ್ ಕರಗದೆ ಹಾಗೇ ಇತ್ತು. ತಾಮ್ರ ಕರಗೋಕೆ 1085 ಡಿಗ್ರಿ ಬೇಕು. ಬರೀ ಬೆಂಕಿಯ ಕಾವಿಗೆ ಕರಗಿದ್ದರೆ ಉದ್ದಕ್ಕೂ ತೆಳುವಾಗಿ, ಜೋತುಬಿದ್ದ ಹಾಗೆ ಆಗುತ್ತೆ. ಒಂದೇ ಬಿಂದುವಿನಲ್ಲಿ ಗುಂಡು ಕಟ್ಟಿ ಪಕ್ಕದ ಭಾಗ ಸರಿಯಾಗಿದ್ದರೆ ಅಲ್ಲಿ ಕಿಡಿ ಹಾರಿದೆ ಅಂತ ಅರ್ಥ. (ಅಲ್ಯೂಮಿನಿಯಂ ವೈರ್ ಆಗಿದ್ದರೆ ಈ ಕಥೆಯೇ ಇಲ್ಲ, ಅದು 660 ಡಿಗ್ರಿಗೇ ಕರಗಿ ಹರಿದುಹೋಗುತ್ತೆ.) ಆದರೆ ಇನ್ಸ್‌ಪೆಕ್ಟರ್ ಖಡಾಖಂಡಿತವಾಗಿ ಹೇಳಿದರು, ಗುಂಡು ಇದೆ ಅಂದ ಮಾತ್ರಕ್ಕೆ ಬೆಂಕಿ ಅಲ್ಲಿಂದಲೇ ಹುಟ್ಟಿತು ಅಂತಲ್ಲ. ಬೇರೆ ಕಡೆ ಹತ್ತಿದ ಬೆಂಕಿ ಬಂದು ವೈರ್ ಮೇಲಿನ ಪ್ಲಾಸ್ಟಿಕ್ ಸುಟ್ಟಾಗಲೂ ಎರಡು ತಂತಿ ತಗುಲಿ ಇಂಥದೇ ಗುಂಡು ಆಗುತ್ತೆ. ಗುಂಡು ಖಚಿತವಾಗಿ ಹೇಳೋದು ಒಂದೇ ಮಾತು: ಆ ಹೊತ್ತಿನಲ್ಲಿ ಆ ವೈರ್‌ನಲ್ಲಿ ಕರೆಂಟ್ ಇತ್ತು. ಅವರು ಅಷ್ಟನ್ನೇ ಬರೆದು, ಸಡಿಲ ಜಾಯಿಂಟ್‌ನಿಂದ ಬೆಂಕಿ ಆಗಿರುವ ಸಾಧ್ಯತೆ ಇದೆ ಎಂದು ಸೇರಿಸಿದರು.

ನಮಗೆ ಅಷ್ಟೇ ಸಾಕಾಗಿತ್ತು. 'ಮೇನ್ ಆಫ್, ಹಾಗಾಗಿ ಕರೆಂಟ್ ಇಲ್ಲ' ಅನ್ನೋ ಕಂಪನಿಯ ವಾದದ ಬುಡವೇ ಹೋಯಿತು. ಅಣ್ಣನ ಮಾತೂ ಸುಳ್ಳಾಗಲಿಲ್ಲ. ವಕೀಲರು ಇನ್ನೊಂದು ಮಾತು ಹೇಳಿದರು. ಬೆಂಕಿ ಇಂಥದ್ದರಿಂದಲೇ ಬಂತು ಅಂತ ಸಾಬೀತು ಮಾಡುವ ಹೊಣೆ ನಮ್ಮದಲ್ಲವೇ ಅಲ್ಲ. ಮಾಲೀಕನೇ ಹಚ್ಚಿದ್ದಲ್ಲ ಅಂದಮೇಲೆ ನಿಖರ ಕಾರಣ ಮುಖ್ಯವಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಮುದಿತ್ ರೋಡ್‌ವೇಸ್ ಪ್ರಕರಣದಲ್ಲೂ ಹೇಳಿದೆ. ಎಲ್ಲವನ್ನೂ ಸೇರಿಸಿ, ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಒಂಬುಡ್ಸ್‌ಮನ್‌ಗೆ ಕೊಟ್ಟೆವು. ಅಲ್ಲಿ ಫೀಸಿಲ್ಲ, ವಕೀಲರು ಹೋಗಿ ವಾದಿಸೋದೂ ಇಲ್ಲ, ನಾವೇ ಮಾತಾಡಬೇಕು.

ಆಮೇಲೂ ಒಂದು ಎಳೆದಾಟ ನಡೆಯಿತು. ಶಾರ್ಟ್ ಸರ್ಕ್ಯೂಟ್ ಅಂತ ಒಪ್ಪಿಕೊಂಡ ಕೂಡಲೇ ಕಂಪನಿ ಪಾಲಿಸಿಯ ಇನ್ನೊಂದು ಕಲಮು ತೆಗೆದು, ಕರೆಂಟಿನ ಸಾಮಾನಿಗೆಲ್ಲ ದುಡ್ಡಿಲ್ಲ ಅಂತು. ಎಸಿ, ಫ್ಯಾನು, ಲೈಟು, ಬೋರ್ಡು, ಇನ್ವರ್ಟರ್ ಎಲ್ಲ ಸೇರಿ 2.10 ಲಕ್ಷ. ಕಲಮನ್ನು ಪೂರ್ತಿ ಓದಿ! ಶಾರ್ಟ್ ಸರ್ಕ್ಯೂಟ್, ತಾನೇ ಕಾಯೋದು ಇವುಗಳಿಂದ ಕೆಟ್ಟ ಆ ಒಂದು ಸಾಮಾನಿಗೆ ಮಾತ್ರ ಹಣವಿಲ್ಲ, ಅಲ್ಲಿಂದ ಹರಡಿದ ಬೆಂಕಿಗೆ ಸುಟ್ಟ ಉಳಿದದ್ದಕ್ಕೆ ಇದೆ. ಕೊನೆಗೆ ಜಾಯಿಂಟ್ ಇದ್ದ ಬೋರ್ಡು, ಆ ಲೈನು ಅಂತ 14 ಸಾವಿರ ಕಳೆದು ಉಳಿದದ್ದು ಕೊಟ್ಟರು.

ಮಾಲಿಗೆ 19 ಕೇಳಿದ್ದಕ್ಕೆ ಬಂದದ್ದು 15.60 ಲಕ್ಷ. ಆ '8 ಲಕ್ಷ' ಕೊನೆಯವರೆಗೂ ಕಾಡಿತು. ಖರೀದಿ ಬಿಲ್ಲು, ಜಿಎಸ್‌ಟಿ ಲೆಕ್ಕ ಸರಿಯಾಗಿದ್ದರಿಂದ ಬಚಾವಾದೆವು. ಅಟ್ಟದ ಮಾಲಿನ ಕರಕಲನ್ನೇ ಬಿಸಾಕಿದ್ದರಿಂದ ಅದರಲ್ಲಿ ಒಂದು ಭಾಗ ಹೋಯಿತು.

ಈಗಷ್ಟೇ ಬೆಂಕಿ ಬಿದ್ದು ಇದನ್ನು ಓದುತ್ತಿರುವವರಿದ್ದರೆ, ಅಧಿಕಾರಿ ಕಾರಣ ಕೇಳಿದರೆ "ಗೊತ್ತಿಲ್ಲ ಸರ್" ಅನ್ನಿ, ನಷ್ಟ ಕೇಳಿದರೆ "ಇನ್ನೂ ಲೆಕ್ಕ ಹಾಕಿಲ್ಲ, ಬರೆದು ಕೊಡ್ತೀನಿ" ಅನ್ನಿ. ಮೇನ್ ಬಗ್ಗೆ ಕೇಳಿದರೆ ಇನ್ವರ್ಟರ್, ಕ್ಯಾಮೆರಾ, ಫ್ರಿಜ್ ಯಾವ ಲೈನಿನಲ್ಲಿವೆ ಅಂತ ಮೊದಲು ಜ್ಞಾಪಿಸಿಕೊಳ್ಳಿ. ಸರ್ವೇಯರ್ ಬಂದು ನೋಡುವ ತನಕ ಬೂದಿಯನ್ನೂ ಎತ್ತಬೇಡಿ. ವಾಸನೆ ಬಂದರೆ ಬರಲಿ, ಅಕ್ಕಪಕ್ಕದವರು ಗೊಣಗಿದರೆ ಗೊಣಗಲಿ. ಎತ್ತಲೇಬೇಕು ಅಂತಾದರೆ ಕಂಪನಿಗೆ ಮೇಲ್ ಹಾಕಿ, ಒಪ್ಪಿಗೆ ಬರೆಸಿಕೊಂಡು, ಬೋರ್ಡು ಮತ್ತು ವೈರ್‌ಗಳನ್ನು ಚೀಲದಲ್ಲಿ ಕಟ್ಟಿ ಎಲ್ಲಿಂದ ತೆಗೆದದ್ದು ಅಂತ ಚೀಟಿ ಹಚ್ಚಿಡಿ. ತಿರಸ್ಕಾರದ ಪತ್ರ ಆಗಲೇ ಬಂದಿದ್ದರೆ ಅದರ ಮೇಲಿನ ತಾರೀಖು ನೋಡಿಕೊಳ್ಳಿ, ಒಂಬುಡ್ಸ್‌ಮನ್ ಹತ್ತಿರ ಹೋಗೋಕೆ ಅಲ್ಲಿಂದ ಒಂದೇ ವರ್ಷ ಟೈಮು.