ಮಿತಿ ಮುಟ್ಟಿದಾಗ ಆರ್ಡರ್ ಕೊಡಬೇಕೇ, ವಾರಕ್ಕೊಮ್ಮೆ ಕೊಡಬೇಕೇ?

ಕಿರಾಣಿ ಅಂಗಡಿಯ ದಾಸ್ತಾನು ಪುಸ್ತಕದ ಸ್ಕ್ರೀನ್‌ಶಾಟ್ ನಿಮ್ಮ ಮುಂದಿದೆ ಎನ್ನಿ. ತೊಗರಿಬೇಳೆಯ ಒಂದು ಕಿಲೋ ಪೊಟ್ಟಣದ ಸಾಲಿನಲ್ಲಿ ಆರಂಭಿಕ ದಾಸ್ತಾನು 140, 30 ದಿನಗಳ ಮಾರಾಟ 120, ಸರಕು ಬರಲು 5 ದಿನ. ದಿನಕ್ಕೆ ಸರಾಸರಿ 4 ಮಾರಾಟ, ಉಳಿದದ್ದು 20.

ಮಿತಿ ಕಟ್ಟುವ ವಿಧಾನದಲ್ಲಿ 5 ದಿನಕ್ಕೆ 20, ತಡವಾದರೆ ಇರಲೆಂದು ಎರಡು ದಿನಕ್ಕೆ 8. ಒಟ್ಟು ಮಿತಿ 28; ದಾಸ್ತಾನು ಅಷ್ಟಕ್ಕೆ ಇಳಿದಾಗಲೇ ಆರ್ಡರ್ ಹೋಗಬೇಕಿತ್ತು. ಇಂದೇ ಕೊಟ್ಟರೂ ಸರಕು ಬರುವ ಹೊತ್ತಿಗೆ ಕಪಾಟು ಖಾಲಿಯಾಗಿರುತ್ತದೆ. ಈ ವಿಧಾನಕ್ಕೆ ಕಡಿಮೆ ದಾಸ್ತಾನು ಸಾಕು, ಆದರೆ ಪುಸ್ತಕವನ್ನು ದಿನವೂ ನೋಡಬೇಕು.

ವಾರಕ್ಕೊಮ್ಮೆ ಕೊಡುವವರು ಮುಂದಿನ ಆರ್ಡರಿನವರೆಗಿನ 7 ದಿನವನ್ನೂ ಸೇರಿಸಬೇಕು: 7+5+2, ಒಟ್ಟು 14 ದಿನಕ್ಕೆ 56. ಕೈಯಲ್ಲಿರುವ 20 ಕಳೆದರೆ ಆರ್ಡರ್ 36. ಹಿಂದಿನ ಆರ್ಡರ್ ದಾರಿಯಲ್ಲಿದ್ದರೆ ಅದನ್ನೂ ಕಳೆಯಿರಿ.

ವಿತರಕರ ಪ್ರತಿನಿಧಿ ವಾರದ ನಿಗದಿತ ದಿನದಂದೇ ಬರುವುದಾದರೆ ಎರಡನೆಯದನ್ನೇ ಆರಿಸಿ. ಫೋನ್ ಮಾಡಿದಾಗ ಸರಕು ಬರುವಲ್ಲಿ ಮೊದಲನೆಯದು ಮೇಲು.

ಎರಡಕ್ಕೂ ಒಂದೇ ಅಪಾಯವಿದೆ. ಚಿತ್ರದಲ್ಲಿ ಖರೀದಿಯ ಕಾಲಂ ಇಲ್ಲದಿದ್ದರೆ, ನಡುವೆ ಸರಕು ಬಂದಿರಬಹುದು. ಪೊಟ್ಟಣಗಳನ್ನು ಎಣಿಸಿಯೇ 20 ಎಂದು ನಂಬಿ. ತಿಂಗಳಲ್ಲಿ 6 ದಿನ ಬೇಳೆಯೇ ಇರಲಿಲ್ಲವೆಂದಾದರೆ 120ನ್ನು 24ರಿಂದ ಭಾಗಿಸಬೇಕು. ಆಗ ದಿನದ ಮಾರಾಟ 5, ಮಿತಿ 35.