ಡೊಂಬಿವಲಿಯ ಪರವಾನಗಿ, ನೆರೂಳಿನ ಗುತ್ತಿಗೆ, ಮುಲುಂಡಿನ ಒಡೆತನ

ಮುಂಬಯಿಗೆ ಬಂದ ಮೇಲೆ ನಾನು ಮೂರು ಮನೆಗಳಲ್ಲಿ ಮೂರು ಬಗೆಯ ಹಕ್ಕಿನ ಮೇಲೆ ವಾಸಿಸಿದ್ದೇನೆ. ಡೊಂಬಿವಲಿಯದು ಲೀವ್ ಆಂಡ್ ಲೈಸೆನ್ಸ್, ಅಂದರೆ ಪರವಾನಗಿಯ ಮೇಲಿನ ವಾಸ, ನೆರೂಳಿನದು ನವಿ ಮುಂಬಯಿಯನ್ನು ಕಟ್ಟಿದ ಸರ್ಕಾರಿ ಸಂಸ್ಥೆಯಾದ ಸಿಡ್ಕೊದ ಗುತ್ತಿಗೆ ಜಮೀನಿನ ಮೇಲಿನ ಫ್ಲ್ಯಾಟ್, ಈಗಿರುವ ಮುಲುಂಡಿನದು ಪೂರ್ಣ ಒಡೆತನದ ಜಮೀನು. ಊರಿನಿಂದ ಬರುವ ಹುಡುಗರು ಮನೆ ಹುಡುಕುವಾಗ ಬಾಡಿಗೆ ಎಷ್ಟು, ಬೆಲೆ ಎಷ್ಟು ಎಂದು ಕೇಳುತ್ತಾರೆ. ಮನೆಯ ಮಾಲೀಕ ಬದಲಾದರೆ ನನ್ನ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ಈ ಮೂರರ ನಿಜವಾದ ವ್ಯತ್ಯಾಸ ತಿಳಿಯುವುದು ಆ ಪ್ರಶ್ನೆಯಲ್ಲಿಯೇ.

ಮೊದಲು ಒಂದು ಗೊಂದಲ ತೀರಿಸಿಬಿಡುತ್ತೇನೆ. ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಎಂದರೆ ಭೋಗ್ಯ: ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಹೋಗುವಾಗ ಹಣ ವಾಪಸು ಪಡೆಯುವುದು. ನವಿ ಮುಂಬಯಿಯಲ್ಲಿ ಲೀಸ್ ಎಂದರೆ ಅದಲ್ಲ. ಅಲ್ಲಿ ಜಮೀನು ಸಿಡ್ಕೊದ್ದು, ಸಾಮಾನ್ಯವಾಗಿ 60 ವರ್ಷಕ್ಕೆ ಗುತ್ತಿಗೆ. ಮೇಲಿನ ಫ್ಲ್ಯಾಟನ್ನು ಜನ ಕೊಂಡು ಮಾರುತ್ತಾರೆ.

ಡೊಂಬಿವಲಿಯಲ್ಲಿ ನಮ್ಮ ಕರಾರು 33 ತಿಂಗಳಿಗಿತ್ತು. ಹದಿನಾಲ್ಕನೆಯ ತಿಂಗಳಲ್ಲಿ ಮಾಲೀಕರು ಮನೆ ಮಾರಿದರು. ಅವಧಿ ಇನ್ನೂ ಇದೆಯಲ್ಲ ಎಂಬ ಧೈರ್ಯದಲ್ಲಿ ನಾನಿದ್ದೆ. ಕೊಂಡವರು ಬಂದು, ತಾವೇ ಇಲ್ಲಿ ವಾಸಿಸಬೇಕು ಎಂದರು. ಮಾಟುಂಗಾದಲ್ಲಿ ಪರಿಚಯವಾಗಿದ್ದ ಧಾರವಾಡ ಕಡೆಯ ವಕೀಲರೊಬ್ಬರಿಗೆ ಕರಾರು ತೋರಿಸಿದೆ. ಅವರು ಓದಿ, ‘ನಿಮಗೆ ಮನೆಯಲ್ಲಿ ಯಾವ ಹಕ್ಕೂ ಇಲ್ಲರೀ, ಇರಲು ಅನುಮತಿ ಮಾತ್ರ ಇದೆ’ ಎಂದರು. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಪರವಾನಗಿ ಎಂದರೆ ಅಷ್ಟೇ. 59ನೆಯ ಕಲಮು ಇನ್ನೂ ಕಠಿಣ: ಹಳೆಯ ಮಾಲೀಕ ಕೊಟ್ಟ ಪರವಾನಗಿಗೆ ಹೊಸ ಮಾಲೀಕ ಬದ್ಧನಲ್ಲ. ಅದೇ ನಾನು ಗುತ್ತಿಗೆದಾರನಾಗಿದ್ದರೆ ಹೊಸ ಮಾಲೀಕರು ಹಳಬರ ಸ್ಥಾನದಲ್ಲಿ ನಿಂತು ಅದೇ ಗುತ್ತಿಗೆಯನ್ನು ಮುಂದುವರಿಸಬೇಕಾಗುತ್ತಿತ್ತು. ಡಿಪಾಸಿಟ್ ಕೇಳಬೇಕಾದದ್ದು ಕೂಡ ಹಳಬರನ್ನೇ, ಏಕೆಂದರೆ ಹಣ ಪಡೆದವರು ಅವರು. ಎರಡು ತಿಂಗಳ ಕಾಲಾವಕಾಶ ಕೇಳಿಕೊಂಡು, ಡಿಪಾಸಿಟ್ ಕೈಗೆ ಬಂದ ದಿನವೇ ಕೀಲಿಕೈ ಕೊಟ್ಟೆವು. ಆ ಕ್ರಮವನ್ನು ತಿರುಗುಮುರುಗು ಮಾಡಬೇಡಿ.

ಹಾಗೆಂದು ಪರವಾನಗಿ ಕೆಟ್ಟದ್ದಲ್ಲ. ಮಹಾರಾಷ್ಟ್ರದಲ್ಲಿ ಮಾಲೀಕರು ಅಪರಿಚಿತರಿಗೆ ಮನೆ ಕೊಡುವುದೇ ಅದರ ಭರವಸೆಯ ಮೇಲೆ. ಅವಧಿ ಮುಗಿದರೂ ಬಿಡದೆ ಕೂತರೆ, 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೆಯ ಕಲಮಿನಡಿ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಹೋಗಿ ಸ್ವಾಧೀನ ಪಡೆಯಬಹುದು, ಹಾಗೆ ಬಿಡದೆ ಕೂತ ದಿನಗಳಿಗೆ ನಾವು ಪರವಾನಗಿ ಶುಲ್ಕದ ಎರಡು ಪಟ್ಟು ಕೊಡಬೇಕಾಗುತ್ತದೆ. ನಮ್ಮ ಕಡೆಗೂ ಒಂದು ರಕ್ಷಣೆ ಇದೆ. ಅದೇ ಕಾಯ್ದೆಯ 55ನೆಯ ಕಲಮು ಕರಾರನ್ನು ನೋಂದಾಯಿಸಲೇಬೇಕು ಎನ್ನುತ್ತದೆ, ಅದೂ ಮಾಲೀಕರ ಹೊಣೆ. ನೋಂದಾಯಿಸದಿದ್ದರೆ, ಬೇರೆ ಸಾಕ್ಷ್ಯ ಬರುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ‘ಹನ್ನೊಂದು ತಿಂಗಳಾದರೆ ನೋಂದಣಿ ಬೇಡ’ ಎಂಬ ಏಜೆಂಟರ ಮಾತು ಇಲ್ಲಿ ನಡೆಯುವುದಿಲ್ಲ.

ಖರ್ಚೂ ಭಾರಿಯಲ್ಲ. ತಿಂಗಳಿಗೆ 20,000 ರೂಪಾಯಿ, ಒಂದು ಲಕ್ಷ ಡಿಪಾಸಿಟ್, 36 ತಿಂಗಳು ಎಂದುಕೊಳ್ಳಿ. ಒಟ್ಟು ಬಾಡಿಗೆ 7,20,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇಕಡಾ 10ರಂತೆ ಮೂರು ವರ್ಷಕ್ಕೆ 30,000 ಸೇರಿಸಿದರೆ 7,50,000. ಅದರ ಶೇಕಡಾ 0.25, ಅಂದರೆ 1,875 ರೂಪಾಯಿ ಮುದ್ರಾಂಕ ಶುಲ್ಕ. ನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ ಒಂದು ಸಾವಿರ. ಇಷ್ಟನ್ನು ಉಳಿಸಲು ಹೋಗಿ ನೋಂದಣಿಯಿಲ್ಲದ ಕಾಗದಕ್ಕೆ ಸಹಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪರವಾನಗಿ ಇರುವವನು ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡಲಾರ, ಅಡವಿಡಲಾರ, ಉಯಿಲಿನಲ್ಲಿ ಬರೆಯಲಾರ. ವಾಸ, ಅಷ್ಟೇ. ಎರಡು ಮೂರು ವರ್ಷದ ನೌಕರಿಗೆ ಅದು ಸಾಕು.

ನೆರೂಳಿನಲ್ಲಿ ನಾನು 2011ರಲ್ಲಿ ಮನೆ ಕೊಂಡೆ. ಮಾರುವುದು, ಬಾಡಿಗೆಗೆ ಕೊಡುವುದು, ಸಾಲಕ್ಕೆ ಅಡವಿಡುವುದು, ಹೆಂಡತಿಯ ಹೆಸರಿಗೆ ಉಯಿಲು ಬರೆಯುವುದು ಎಲ್ಲವೂ ಅಲ್ಲಿ ಸಾಧ್ಯವಿತ್ತು. ಹಾಗಿದ್ದರೆ ಒಡೆತನಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನಾನೂ ಕೇಳಿಕೊಂಡಿದ್ದೆ. ವ್ಯತ್ಯಾಸ ಎರಡು ಕಡೆ ತಗಲುತ್ತದೆ. ಒಂದು, ಗುತ್ತಿಗೆಯ ಲೆಕ್ಕ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ. ನಮ್ಮ ಕಟ್ಟಡದ ಗುತ್ತಿಗೆ 1988ರದ್ದು, ಹಾಗಾಗಿ ನನ್ನ ಕೈಗೆ ಬರುವಾಗ 37 ವರ್ಷ ಉಳಿದಿತ್ತು. ಸಾಲ ಕೊಡುವ ಬ್ಯಾಂಕು ಮೊದಲು ಎಣಿಸಿದ್ದು ಆ ವರ್ಷಗಳನ್ನೇ. ಇನ್ನೊಂದು, ಮಾರಾಟಕ್ಕೆ ಜಮೀನಿನ ಒಡೆಯರ ಒಪ್ಪಿಗೆ ಪತ್ರ ಬೇಕು, ವರ್ಗಾವಣೆ ಶುಲ್ಕ ಕಟ್ಟಬೇಕು.

ನಾನು ಎಡವಿದ್ದು ಅಲ್ಲಿಯೇ. ನನಗೆ ಮಾರಿದವರು ಮೂರನೆಯ ಮಾಲೀಕರು. ಮೊದಲನೆಯವರಿಂದ ಎರಡನೆಯವರಿಗೆ ಆದ ಮಾರಾಟ ಬರೀ ಅಧಿಕಾರ ಪತ್ರದ ಮೇಲೆ ನಡೆದಿತ್ತು, ಸಿಡ್ಕೊ ದಾಖಲೆಯಲ್ಲಿ ವರ್ಗಾವಣೆಯೇ ಆಗಿರಲಿಲ್ಲ. ಮುಂಗಡ ಕೊಟ್ಟ ಮೇಲೆ ಬ್ಯಾಂಕಿನ ವಕೀಲರು ಇದನ್ನು ಹಿಡಿದರು. ಕೊಂಡಿ ಕಳಚಿದ್ದ ಆ ಒಂದು ವರ್ಗಾವಣೆಯನ್ನು ಸರಿಪಡಿಸುವವರೆಗೆ ಸಾಲ ನಿಂತಿತು. ಶುಲ್ಕ ಯಾರು ಕಟ್ಟಬೇಕೆಂದು ನಮ್ಮ ಒಪ್ಪಂದದಲ್ಲಿ ಬರೆದಿರಲಿಲ್ಲ, ಕೊನೆಗೆ ಅರ್ಧರ್ಧ ಕಟ್ಟಿದೆವು. ಗುತ್ತಿಗೆ ಜಮೀನಿನ ಹಳೆಯ ಫ್ಲ್ಯಾಟ್ ನೋಡುವಾಗ ಸುಣ್ಣ ಬಣ್ಣ ನೋಡುವ ಮೊದಲು, ಮೊದಲ ಹಂಚಿಕೆಯಿಂದ ಇಂದಿನವರೆಗಿನ ಪ್ರತಿಯೊಂದು ವರ್ಗಾವಣೆ ಪತ್ರವನ್ನೂ ಸಾಲಾಗಿ ಜೋಡಿಸಿ ನೋಡಬೇಕು. ಒಂದು ಕಡೆ ತಪ್ಪಿದ್ದರೂ ಮುಂಗಡ ಕೊಡಬಾರದು.

ಮುಲುಂಡಿಗೆ ಬಂದಾಗ ಇನ್ನು ಯಾರ ಒಪ್ಪಿಗೆಯೂ ಬೇಡ ಎಂದುಕೊಂಡೆ. ಒಡೆತನದಲ್ಲಿ ಅವಧಿ ಇಲ್ಲ, ವರ್ಗಾವಣೆಗೆ ಜಮೀನುದಾರರ ಶುಲ್ಕವಿಲ್ಲ, ಇದು ನಿಜ. ಆದರೆ ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟಿನವರು ಷೇರು ಸರ್ಟಿಫಿಕೇಟು ಹಿಡಿದ ಸದಸ್ಯರು. ಬಾಡಿಗೆಗೆ ಕೊಟ್ಟರೆ ಸೊಸೈಟಿ ಸೇವಾ ಶುಲ್ಕದ ಶೇಕಡಾ 10ರ ಮಿತಿಯಲ್ಲಿ ಹೆಚ್ಚುವರಿ ಹಣ ಕೇಳಬಹುದು. ಮಾರಿದರೆ ಪಾಲಿಕೆ ವ್ಯಾಪ್ತಿಯಲ್ಲಿ ವರ್ಗಾವಣೆ ಪ್ರೀಮಿಯಂ ಗರಿಷ್ಠ 25,000. ನೆರೂಳಿನ ಸೊಸೈಟಿಯಲ್ಲಿಯೂ ಇವು ಇದ್ದವು.

ಹೆಚ್ಚು ಕಾಡಿದ್ದು ಬೇರೆ. ಕೊಂಡ ಎರಡು ವರ್ಷದ ಮೇಲೆ ಸಾಮಾನ್ಯ ಸಭೆಯಲ್ಲಿ ಕಟ್ಟಡದ ಪುನರಾಭಿವೃದ್ಧಿಯ ಮಾತು ಬಂದಾಗ, ಜಮೀನು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸರ್ಕಾರಿ ದಾಖಲೆಯಾದ ಪ್ರಾಪರ್ಟಿ ಕಾರ್ಡ್ ತೆಗೆಸಿದೆವು. ಜಮೀನು ಇನ್ನೂ ಹಳೆಯ ಒಡೆಯರ ಹೆಸರಿನಲ್ಲಿತ್ತು. ಬಿಲ್ಡರ್ ಸೊಸೈಟಿಗೆ ಕನ್ವೇಯನ್ಸ್, ಅಂದರೆ ಜಮೀನಿನ ಒಡೆತನದ ವರ್ಗಾವಣೆ, ಮಾಡಿಕೊಟ್ಟಿರಲೇ ಇಲ್ಲ. ಅಂದರೆ ‘ಪೂರ್ಣ ಒಡೆತನ’ ಎಂದು ನಾನು ಹೆಚ್ಚು ಬೆಲೆ ಕೊಟ್ಟು ಕೊಂಡ ಮನೆಯ ಕೆಳಗಿನ ಮಣ್ಣು ದಾಖಲೆಯಲ್ಲಿ ನಮ್ಮದಾಗಿರಲಿಲ್ಲ, ಅದರ ಮೇಲೆ ಹೆಚ್ಚುವರಿ ಕಟ್ಟುವ ಹಕ್ಕೂ ನಮ್ಮ ಕೈಯಲ್ಲಿರಲಿಲ್ಲ. ಆ ಸಂಜೆ ನೆರೂಳಿನ 37 ವರ್ಷ ನೆನಪಾಯಿತು. ಅಲ್ಲಿ ಜಮೀನು ಯಾರದ್ದು, ಎಷ್ಟು ವರ್ಷಕ್ಕೆ ಎಂಬುದಾದರೂ ಕಾಗದದಲ್ಲಿ ಸ್ಪಷ್ಟವಾಗಿತ್ತು. ಕನ್ವೇಯನ್ಸ್ ಆಗದ ಒಡೆತನಕ್ಕಿಂತ, ವರ್ಷ ಸಾಕಷ್ಟು ಉಳಿದಿರುವ, ವರ್ಗಾವಣೆ ಪತ್ರಗಳು ಪೂರ್ತಿ ಇರುವ ಗುತ್ತಿಗೆಯೇ ನನ್ನ ಮಟ್ಟಿಗೆ ಮೇಲು.

ದಾರಿ ಇದೆ. ಫ್ಲ್ಯಾಟುಗಳ ಒಡೆತನಕ್ಕೆ ಸಂಬಂಧಿಸಿದ ಮಹಾರಾಷ್ಟ್ರದ 1963ರ ಮೋಫಾ ಕಾಯ್ದೆಯ 11ನೆಯ ಕಲಮಿನಡಿ, ಬಿಲ್ಡರ್ ಬರದಿದ್ದರೂ ಸಹಕಾರ ಸಂಘಗಳ ಜಿಲ್ಲಾ ಉಪನಿಬಂಧಕರಿಗೆ ‘ಡೀಮ್ಡ್ ಕನ್ವೇಯನ್ಸ್’ ಅರ್ಜಿ ಹಾಕಬಹುದು. ಎಲ್ಲ ಫ್ಲ್ಯಾಟುಗಳ ನೋಂದಾಯಿತ ಒಪ್ಪಂದಗಳ ಪ್ರತಿ, ಮಂಜೂರಾದ ನಕ್ಷೆ, ಪ್ರಾಪರ್ಟಿ ಕಾರ್ಡ್ ಒಟ್ಟುಮಾಡಬೇಕು. ಇಬ್ಬರು ಸದಸ್ಯರ ಹಳೆಯ ಒಪ್ಪಂದ ಹುಡುಕುವುದರಲ್ಲಿಯೇ ನಮಗೆ ನಾಲ್ಕು ತಿಂಗಳು ಹೋಯಿತು. ವಿಚಾರಣೆ ಮುಗಿದು, ಆದೇಶ ಬಂದು, ಪತ್ರ ನೋಂದಣಿಯಾಗಿ, ಕಳೆದ ಶ್ರಾವಣದಲ್ಲಿ ಪ್ರಾಪರ್ಟಿ ಕಾರ್ಡಿನಲ್ಲಿ ಸೊಸೈಟಿಯ ಹೆಸರು ಏರಿತು. ಕಾರ್ಯದರ್ಶಿಗಳು ಅದರ ಪ್ರತಿಯನ್ನು ಮನೆ ಮನೆಗೆ ತಂದುಕೊಟ್ಟರು. ನನ್ನದನ್ನು ಮನೆಯ ಒಪ್ಪಂದ ಪತ್ರದ ಜೊತೆಗೆ ಅದೇ ಫೈಲಿನಲ್ಲಿ ಇಟ್ಟಿದ್ದೇನೆ.